ಎಲ್ಲದರಲ್ಲೂ ಮುಂದಿರುವವರು ಪಕ್ಕದ ಹೊಲದ ತೊಗರಿ ಯಾಕೆ ಕೊಳ್ಳಬೇಕು?

ಪ್ರಶ್ನೆ: ಸರ್, ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಒಂದು ಹಳ್ಳಿ. ಮಗಳು ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಳೆ. ಒಂದು ದೇಶ ಎಲ್ಲಾ ಸರಕನ್ನೂ ಇನ್ನೊಂದು ದೇಶಕ್ಕಿಂತ ಚೆನ್ನಾಗಿ ತಯಾರಿಸಿದರೂ, ಎರಡೂ ವ್ಯಾಪಾರ ಮಾಡಿಕೊಂಡರೆ ಇಬ್ಬರಿಗೂ ಲಾಭ ಅಂತ ಅವಳ ಪುಸ್ತಕದಲ್ಲಿದೆ. ನನಗೆ ಇದು ತಲೆಗೆ ಹತ್ತಲಿಲ್ಲ. ನಮ್ಮದು ಮಡ್ಡಿ ಹೊಲ. ಕೆಳಗಿನ ಹೊಲದವರು ತೊಗರಿನೂ ನನಗಿಂತ ಜಾಸ್ತಿ ಬೆಳೀತಾರೆ, ಜೋಳಾನೂ ಜಾಸ್ತಿ ಬೆಳೀತಾರೆ. ಅಂಥವರು ನನ್ನ ಹತ್ತಿರ ಏನು ಕೊಳ್ಳಬೇಕು, ಯಾಕೆ ಕೊಳ್ಳಬೇಕು?

ಉತ್ತರ: ನೀವು ನಿಮ್ಮ ತೊಗರಿಯನ್ನು ಅವರ ತೊಗರಿಯ ಪಕ್ಕ ಇಟ್ಟು ನೋಡುತ್ತಿದ್ದೀರಿ. ನಿಮ್ಮ ಜೋಳವನ್ನು ಅವರ ಜೋಳದ ಪಕ್ಕ ಇಟ್ಟು ನೋಡುತ್ತಿದ್ದೀರಿ. ಆ ಲೆಕ್ಕ ಸುಳ್ಳಲ್ಲ. ಇಬ್ಬರಲ್ಲಿ ಯಾರ ಮನೆಯಲ್ಲಿ ಕಾಳು ಜಾಸ್ತಿ ಇರುತ್ತದೆ ಅನ್ನುವುದನ್ನು ಅದು ಸರಿಯಾಗಿಯೇ ಹೇಳುತ್ತದೆ. ಆದರೆ ಯಾರು ಏನು ಬಿತ್ತಬೇಕು, ಏನು ಕೊಳ್ಳಬೇಕು ಅನ್ನುವುದಕ್ಕೆ ಬೇರೆ ಲೆಕ್ಕ ಬೇಕು. ಒಂದೇ ಹೊಲದೊಳಗೆ ತೊಗರಿಯನ್ನು ಜೋಳದ ಪಕ್ಕ ಇಡಬೇಕು. ಒಂದು ಕ್ವಿಂಟಲ್ ತೊಗರಿ ಬೆಳೆಯಲು ಈ ಹೊಲದಲ್ಲಿ ಎಷ್ಟು ಜೋಳ ಬಿಟ್ಟುಕೊಡಬೇಕಾಯಿತು ಅಂತ ಕೇಳಬೇಕು. ಉತ್ತರ ಆ ಮಾತಿನಲ್ಲಿದೆ.

ನಮ್ಮ ಭಾಗದಲ್ಲಿ ಈ 'ಬಿಟ್ಟುಕೊಡುವುದು' ಬರೀ ಪುಸ್ತಕದ ಮಾತಲ್ಲ. ತೊಗರಿಯನ್ನು ಜೂನ್-ಜುಲೈನಲ್ಲಿ ಬಿತ್ತುತ್ತೀರಿ, ರಾಶಿ ಮಾಡುವಾಗ ಡಿಸೆಂಬರ್ ಇಲ್ಲವೇ ಜನವರಿ. ಹಿಂಗಾರಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ. ಆ ಹೊತ್ತಿಗೆ ತೊಗರಿ ಹೊಲದಲ್ಲೇ ನಿಂತಿರುತ್ತದೆ. ಹಾಗಾಗಿ ಒಂದು ಎಕರೆಯಲ್ಲಿ ತೊಗರಿ ಹಾಕಿದರೆ ಆ ವರ್ಷ ಅದೇ ಎಕರೆಯಲ್ಲಿ ಬಿಳಿಜೋಳ ಇಲ್ಲ. ಎರಡರಲ್ಲಿ ಒಂದು. ಅಕ್ಕಡಿ ಸಾಲು ಹಾಕುವುದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಈಗ ಎರಡು ಹೊಲ ಕಲ್ಪಿಸಿಕೊಳ್ಳಿ. ಕೆಳಗಿನದು ಶರಣಪ್ಪನವರದು, ಆಳವಾದ ಎರೆ ಭೂಮಿ. ಮೇಲಿನದು ಭೀಮಬಾಯಿಯವರದು, ನಿಮ್ಮದರ ಹಾಗೆಯೇ ಮಡ್ಡಿ. ಒಂದೆರಡು ಅಡಿ ಅಗೆದರೆ ಗರಸು ಸಿಗುತ್ತದೆ. ಇಬ್ಬರಿಗೂ ಹತ್ತತ್ತು ಎಕರೆ. ಹೆಸರುಗಳೂ ಇಳುವರಿಗಳೂ ಲೆಕ್ಕಕ್ಕೆ ಅಂತ ನಾನು ಇಟ್ಟುಕೊಂಡವು, ಆದರೆ ಮಳೆ ಸರಿಯಾಗಿ ಬಿದ್ದ ವರ್ಷದಲ್ಲಿ ನಂಬಬಹುದಾದ ಇಳುವರಿಗಳೇ. ಶರಣಪ್ಪನವರಿಗೆ ಒಂದು ಎಕರೆಗೆ 4 ಕ್ವಿಂಟಲ್ ತೊಗರಿ ಇಲ್ಲವೇ 8 ಕ್ವಿಂಟಲ್ ಜೋಳ ಬರುತ್ತದೆ. ಭೀಮಬಾಯಿಯವರಿಗೆ ಒಂದು ಎಕರೆಗೆ 3 ಕ್ವಿಂಟಲ್ ತೊಗರಿ ಇಲ್ಲವೇ 3 ಕ್ವಿಂಟಲ್ ಜೋಳ.

ಎರಡು ಹೊಲಗಳ ನಡುವೆ ತೊಗರಿಯಲ್ಲಿ ಇಷ್ಟು ಕಡಿಮೆ ಅಂತರ, ಜೋಳದಲ್ಲಿ ಅಷ್ಟು ದೊಡ್ಡ ಅಂತರ ಯಾಕೆ ಅಂದರೆ, ಹಿಂಗಾರಿ ಜೋಳ ಬೆಳೆಯುವುದು ಮಳೆಯ ಮೇಲಲ್ಲ. ಮುಂಗಾರು ಮುಗಿದ ಮೇಲೆ ಮಣ್ಣಿನಲ್ಲಿ ಉಳಿದ ಹಸಿಯ ಮೇಲೆ ಅದು ಬೆಳೆಯುತ್ತದೆ. ಎರೆ ಆಳ ಇದ್ದಷ್ಟೂ ಹಸಿ ಜಾಸ್ತಿ ಹಿಡಿಯುತ್ತದೆ. ಮಡ್ಡಿಯಲ್ಲಿ ಹಸಿ ನವೆಂಬರ್ ಹೊತ್ತಿಗೇ ಆರಿಹೋಗಿ, ತೆನೆ ಕಾಳು ಕಟ್ಟುವಾಗ ಬೆಳೆ ಒಣಗುತ್ತದೆ. ತೊಗರಿ ಹಾಗಲ್ಲ. ಅದು ಮುಂಗಾರು ಮಳೆಯಲ್ಲೇ ಬೇರು ಇಳಿಸಿಕೊಂಡಿರುತ್ತದೆ. ನೀರು ನಿಂತರೆ ತೊಗರಿಗೆ ಆಗುವುದಿಲ್ಲ, ಆದ್ದರಿಂದ ನೀರು ಬಸಿದು ಹೋಗುವ ಇಳಿಜಾರು ಹೊಲ ಅದಕ್ಕೆ ಸ್ವಲ್ಪ ಅನುಕೂಲವೇ. ಭೀಮಬಾಯಿಯವರ ಮಣ್ಣು ಎರಡು ಬೆಳೆಗೂ ಬಡ ಮಣ್ಣು, ನಿಜ. ಆದರೆ ಎರಡಕ್ಕೂ ಒಂದೇ ಅಳತೆಯಲ್ಲಿ ಬಡ ಅಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಹುಟ್ಟುವುದು ಈ ವ್ಯತ್ಯಾಸದಿಂದಲೇ.

ಈಗ ಆ ಇನ್ನೊಂದು ಲೆಕ್ಕ ಮಾಡಿ. ಶರಣಪ್ಪನವರು ಒಂದು ಎಕರೆಯಲ್ಲಿ 4 ಕ್ವಿಂಟಲ್ ತೊಗರಿ ಬೆಳೆದರೆ 8 ಕ್ವಿಂಟಲ್ ಜೋಳ ಬಿಟ್ಟ ಹಾಗಾಯಿತು. ಅಂದರೆ ಅವರಿಗೆ ಒಂದು ಕ್ವಿಂಟಲ್ ತೊಗರಿಯ ಬೆಲೆ ಎರಡು ಕ್ವಿಂಟಲ್ ಜೋಳ. ಭೀಮಬಾಯಿಯವರು 3 ಕ್ವಿಂಟಲ್ ತೊಗರಿಗೆ 3 ಕ್ವಿಂಟಲ್ ಜೋಳ ಬಿಡುತ್ತಾರೆ. ಅವರಿಗೆ ಒಂದು ಕ್ವಿಂಟಲ್ ತೊಗರಿಯ ಬೆಲೆ ಒಂದೇ ಕ್ವಿಂಟಲ್ ಜೋಳ. ಪುಸ್ತಕದಲ್ಲಿ ಇದಕ್ಕೆ ಅವಕಾಶ ವೆಚ್ಚ ಅನ್ನುತ್ತಾರೆ. ಈ ವೆಚ್ಚ ಯಾರಿಗೆ ಕಡಿಮೆಯೋ ಅವರಿಗೆ ಆ ಬೆಳೆಯಲ್ಲಿ ತುಲನಾತ್ಮಕ ಅನುಕೂಲ ಇದೆ. ತೊಗರಿ ಭೀಮಬಾಯಿಯವರಿಗೆ ಅಗ್ಗ. ಎಕರೆಗೆ ಕಡಿಮೆ ಬೆಳೆದರೂ ಅಗ್ಗ. ಅದನ್ನೇ ತಿರುಗಿಸಿ ನೋಡಿದರೆ ಜೋಳ ಶರಣಪ್ಪನವರಿಗೆ ಅಗ್ಗ: ಒಂದು ಕ್ವಿಂಟಲ್ ಜೋಳಕ್ಕೆ ಅವರು ಅರ್ಧ ಕ್ವಿಂಟಲ್ ತೊಗರಿ ಬಿಟ್ಟರೆ ಸಾಕು, ಭೀಮಬಾಯಿಯವರು ಒಂದು ಕ್ವಿಂಟಲ್ ಬಿಡಬೇಕು.

ಅಗ್ಗ ಇದ್ದರೆ ಏನಾಯಿತು ಅಂತೀರಾ? ಕಾಳು ಎಣಿಸಿ ನೋಡೋಣ. ಮೊದಲು ಇಬ್ಬರೂ ಒಬ್ಬರ ಹತ್ತಿರ ಒಬ್ಬರು ಏನನ್ನೂ ಕೊಳ್ಳುವುದಿಲ್ಲ ಅಂದುಕೊಳ್ಳಿ. ಮನೆಗೆ ಎರಡೂ ಬೇಕು, ಹಾಗಾಗಿ ಐದು ಎಕರೆ ತೊಗರಿ, ಐದು ಎಕರೆ ಜೋಳ ಹಾಕುತ್ತಾರೆ. ಶರಣಪ್ಪನವರಿಗೆ 20 ಕ್ವಿಂಟಲ್ ತೊಗರಿ, 40 ಕ್ವಿಂಟಲ್ ಜೋಳ. ಭೀಮಬಾಯಿಯವರಿಗೆ 15 ತೊಗರಿ, 15 ಜೋಳ. ಎರಡೂ ಮನೆ ಕೂಡಿಸಿದರೆ 35 ಕ್ವಿಂಟಲ್ ತೊಗರಿ, 55 ಕ್ವಿಂಟಲ್ ಜೋಳ.

ಮುಂದಿನ ವರ್ಷ ಭೀಮಬಾಯಿಯವರು ಹತ್ತೂ ಎಕರೆ ತೊಗರಿ ಹಾಕುತ್ತಾರೆ. 30 ಕ್ವಿಂಟಲ್ ತೊಗರಿ ಬರುತ್ತದೆ. ಶರಣಪ್ಪನವರು ಎರಡೇ ಎಕರೆ ತೊಗರಿ ಇಟ್ಟುಕೊಂಡು ಎಂಟು ಎಕರೆ ಜೋಳ ಹಾಕುತ್ತಾರೆ. ಅವರಿಗೆ 8 ಕ್ವಿಂಟಲ್ ತೊಗರಿ, 64 ಕ್ವಿಂಟಲ್ ಜೋಳ. ಒಟ್ಟು ಈಗ 38 ಕ್ವಿಂಟಲ್ ತೊಗರಿ, 64 ಕ್ವಿಂಟಲ್ ಜೋಳ. ಅದೇ ಇಪ್ಪತ್ತು ಎಕರೆ, ಅದೇ ಮಳೆ, ಅದೇ ಬೀಜ. ಮೂರು ಕ್ವಿಂಟಲ್ ತೊಗರಿ, ಒಂಬತ್ತು ಕ್ವಿಂಟಲ್ ಜೋಳ ಜಾಸ್ತಿ ಆಯಿತು. ಯಾರೂ ಹೆಚ್ಚು ದುಡಿಯಲಿಲ್ಲ. ಯಾವ ಬೆಳೆ ಯಾವ ಹೊಲದಲ್ಲಿ ಅನ್ನುವುದು ಮಾತ್ರ ಬದಲಾಯಿತು.

ಆದರೆ ಭೀಮಬಾಯಿಯವರ ಮನೆಯಲ್ಲಿ ಈಗ ರೊಟ್ಟಿಗೆ ಜೋಳವೇ ಇಲ್ಲ. ಆದ್ದರಿಂದ ಅದಲು ಬದಲು ಆಗಲೇಬೇಕು. ಒಂದು ಕ್ವಿಂಟಲ್ ತೊಗರಿಗೆ ಒಂದೂವರೆ ಕ್ವಿಂಟಲ್ ಜೋಳ ಅಂತ ಇಬ್ಬರೂ ಒಪ್ಪಿದರು ಅನ್ನಿ. ಅವರು 12 ಕ್ವಿಂಟಲ್ ತೊಗರಿ ಕೊಟ್ಟು 18 ಕ್ವಿಂಟಲ್ ಜೋಳ ತರುತ್ತಾರೆ. ಈಗ ಅವರಲ್ಲಿ 18 ತೊಗರಿ, 18 ಜೋಳ. ಮೊದಲು ಹದಿನೈದು ಹದಿನೈದು ಇತ್ತು. ಶರಣಪ್ಪನವರಲ್ಲಿ 8 ಮತ್ತು 12 ಸೇರಿ 20 ತೊಗರಿ, ಮೊದಲಿನಷ್ಟೇ. ಜೋಳ 64ರಲ್ಲಿ 18 ಹೋಗಿ 46, ಮೊದಲಿಗಿಂತ ಆರು ಜಾಸ್ತಿ. ಶರಣಪ್ಪನವರು ಯಾಕೆ ಕೊಳ್ಳಬೇಕು ಅನ್ನುವುದಕ್ಕೆ ಉತ್ತರ ಈ ಆರು ಕ್ವಿಂಟಲ್ ಜೋಳ. ತಾವೇ ಬೆಳೆದರೆ ಆ ಹನ್ನೆರಡು ಕ್ವಿಂಟಲ್ ತೊಗರಿಗೆ ಅವರ ಹೊಲದಲ್ಲಿ 24 ಕ್ವಿಂಟಲ್ ಜೋಳ ಹೋಗುತ್ತಿತ್ತು. ಪಕ್ಕದ ಹೊಲದಿಂದ ಕೊಂಡರೆ 18ಕ್ಕೇ ಸಿಕ್ಕಿತು. ತೊಗರಿ ಬೆಳೆಯುವುದರಲ್ಲಿ ಅವರೇ ಮುಂದಿದ್ದಾರೆ, ಆದರೂ ತಮ್ಮ ಎರೆ ಹೊಲದಲ್ಲಿ ತೊಗರಿ ಹಾಕುವುದು ಅವರಿಗೆ ದುಬಾರಿ.

ಮಗಳ ಪುಸ್ತಕದಲ್ಲಿರುವುದೂ ಇದೇ ಲೆಕ್ಕ. ಡೇವಿಡ್ ರಿಕಾರ್ಡೊ 1817ರಲ್ಲಿ ಇಂಗ್ಲೆಂಡ್ ಮತ್ತು ಪೋರ್ಚುಗಲ್ ದೇಶಗಳನ್ನು ತೆಗೆದುಕೊಂಡು ಇದನ್ನು ತೋರಿಸಿದರು. ಒಂದಿಷ್ಟು ಬಟ್ಟೆ ತಯಾರಿಸಲು ಇಂಗ್ಲೆಂಡಿನಲ್ಲಿ ವರ್ಷಕ್ಕೆ 100 ಜನ ದುಡಿಯಬೇಕು, ಒಂದಿಷ್ಟು ವೈನ್ ತಯಾರಿಸಲು 120 ಜನ. ಪೋರ್ಚುಗಲ್‌ನಲ್ಲಿ ಅಷ್ಟೇ ಬಟ್ಟೆಗೆ 90 ಜನ, ಅಷ್ಟೇ ವೈನ್‌ಗೆ 80 ಜನ ಸಾಕು. ಪೋರ್ಚುಗಲ್ ಎರಡರಲ್ಲೂ ಮುಂದೆ. ಆದರೂ ಅದು ವೈನ್ ಮಾಡಿ ಬಟ್ಟೆ ಕೊಂಡರೆ ಲಾಭ, ಯಾಕೆಂದರೆ ಅಲ್ಲಿ ವೈನ್ ಬಟ್ಟೆಗಿಂತ ಅಗ್ಗ, ಇಂಗ್ಲೆಂಡಿನಲ್ಲಿ ಬಟ್ಟೆ ವೈನ್‌ಗಿಂತ ಅಗ್ಗ. ರಿಕಾರ್ಡೊ ದುಡಿಯುವ ಜನರನ್ನು ಎಣಿಸಿದರು, ನಾವು ಎಕರೆ ಎಣಿಸಿದೆವು. ಮಗಳು ಪರೀಕ್ಷೆಯಲ್ಲಿ ಒಂದು ಕಡೆ ಎಚ್ಚರ ಇಟ್ಟುಕೊಳ್ಳಬೇಕು. ಎಕರೆಗೆ ಎಷ್ಟು ಇಳುವರಿ ಅಂತ ಕೊಟ್ಟಿದ್ದರೆ ದೊಡ್ಡ ಅಂಕಿ ಒಳ್ಳೆಯದು. ಎಷ್ಟು ಜನ ಬೇಕು ಅಂತ ಕೊಟ್ಟಿದ್ದರೆ ಸಣ್ಣ ಅಂಕಿ ಒಳ್ಳೆಯದು. ಇದನ್ನು ತಿರುವುಮುರುವು ಮಾಡಿದರೆ ಉತ್ತರ ಪೂರ್ತಿ ಉಲ್ಟಾ ಆಗುತ್ತದೆ.

ವ್ಯಾಪಾರದಿಂದ ಲಾಭ ಸಿಗಲೇಬೇಕು ಅಂತ ಏನೂ ಇಲ್ಲ ಅನ್ನುವುದೂ ಇದೇ ಲೆಕ್ಕದಿಂದ ಗೊತ್ತಾಗುತ್ತದೆ. ಭೀಮಬಾಯಿಯವರ ಹೊಲದಲ್ಲಿ 2 ಕ್ವಿಂಟಲ್ ತೊಗರಿ ಇಲ್ಲವೇ 4 ಕ್ವಿಂಟಲ್ ಜೋಳ ಬರುತ್ತಿತ್ತು ಅಂದುಕೊಳ್ಳಿ. ಆಗ ಶರಣಪ್ಪನವರದು ಎರಡರಲ್ಲೂ ಸರಿಯಾಗಿ ಎರಡು ಪಟ್ಟು. ಇಬ್ಬರಿಗೂ ಒಂದು ಕ್ವಿಂಟಲ್ ತೊಗರಿಗೆ ಎರಡು ಕ್ವಿಂಟಲ್ ಜೋಳ. ಇಂಥ ಇಬ್ಬರ ನಡುವೆ ಅದಲು ಬದಲು ಮಾಡಿ ಒಂದು ಕಾಳೂ ಹೆಚ್ಚಾಗುವುದಿಲ್ಲ. ಒಬ್ಬರು ಎಷ್ಟು ಮುಂದಿದ್ದಾರೆ ಅನ್ನುವುದು ಇಲ್ಲಿ ಮುಖ್ಯವೇ ಅಲ್ಲ. ಎರಡು ಬೆಳೆಯಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಮುಂದಿರಬೇಕು, ಅಷ್ಟೇ.

ಇನ್ನು ದರದ ಮಾತು. ಒಂದೂವರೆ ಅಂತ ನಾನು ಸುಮ್ನೆ ನಡುವಿನ ಅಂಕಿ ಹಾಕಿದೆ. ನಿಜವಾಗಿ ಅದು ಎಲ್ಲಿ ನಿಲ್ಲುತ್ತದೆ? ಒಂದಕ್ಕಿಂತ ಕೆಳಗೆ ಹೋದರೆ ಭೀಮಬಾಯಿಯವರು ಒಪ್ಪುವುದಿಲ್ಲ, ತಾವೇ ಜೋಳ ಬಿತ್ತಿಕೊಳ್ಳುತ್ತಾರೆ. ಎರಡಕ್ಕಿಂತ ಮೇಲೆ ಹೋದರೆ ಶರಣಪ್ಪನವರು ಒಪ್ಪುವುದಿಲ್ಲ, ತಾವೇ ತೊಗರಿ ಹಾಕಿಕೊಳ್ಳುತ್ತಾರೆ. ಒಂದು ಮತ್ತು ಎರಡರ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು, ಎಲ್ಲಿ ನಿಂತರೂ ಇಬ್ಬರಿಗೂ ಏನೋ ಒಂದಿಷ್ಟು ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಅನ್ನುವುದು ಮಣ್ಣಿನಿಂದ ತೀರ್ಮಾನ ಆಗುವುದಿಲ್ಲ, ಚೌಕಾಸಿಯಿಂದ ಆಗುತ್ತದೆ. ಭೀಮಬಾಯಿಯವರಿಗೆ ಬೀಜ ಗೊಬ್ಬರದ ಸಾಲ ಇದೆ, ಜನವರಿಯಲ್ಲೇ ತೀರಿಸಬೇಕು ಅನ್ನಿ. ಜೋಳದ ರಾಶಿ ಆಗುವುದು ಫೆಬ್ರವರಿ-ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ತೊಗರಿ ಹಿಡಿದಿಟ್ಟುಕೊಳ್ಳುವ ಶಕ್ತಿ ಅವರಿಗಿಲ್ಲ. ಅದು ಗೊತ್ತಿದ್ದವರು ದರವನ್ನು ಒಂದೂ ಕಾಲಿಗೆ, ಇನ್ನೂ ಕೆಳಗೆ ತರುತ್ತಾರೆ. ಒಂದೂ ಕಾಲಿನ ದರದಲ್ಲಿ ಅದೇ ಹನ್ನೆರಡು ಕ್ವಿಂಟಲ್ ತೊಗರಿಗೆ 15 ಕ್ವಿಂಟಲ್ ಜೋಳ ಮಾತ್ರ ಬರುತ್ತದೆ. ಅವರ ಲಾಭ ಮೂರು ಕ್ವಿಂಟಲ್ ತೊಗರಿಗೆ ನಿಲ್ಲುತ್ತದೆ, ಶರಣಪ್ಪನವರ ಲಾಭ ಒಂಬತ್ತು ಕ್ವಿಂಟಲ್ ಜೋಳಕ್ಕೆ ಏರುತ್ತದೆ. ತುಲನಾತ್ಮಕ ಅನುಕೂಲ ಒಟ್ಟು ಕಾಳು ಹೆಚ್ಚಾಗುತ್ತದೆ ಅಂತ ಮಾತ್ರ ಹೇಳುತ್ತದೆ. ಹಂಚಿಕೆ ನ್ಯಾಯವಾಗಿ ಆಗುತ್ತದೆ ಅಂತ ಅದು ಎಲ್ಲೂ ಹೇಳಿಲ್ಲ. ಹಾಗೆ ಹೇಳುತ್ತದೆ ಅನ್ನುವವರ ಮಾತನ್ನು ನೀವು ನಂಬಬೇಕಾಗಿಲ್ಲ.

ನಡುವೆ ಹೋಗುವ ಖರ್ಚೂ ಇದೇ ಜಾಗದಿಂದಲೇ ಹೋಗುತ್ತದೆ. ಪಕ್ಕದ ಹೊಲಕ್ಕೆ ಚೀಲ ಹೊತ್ತು ಹಾಕಬಹುದು, ಖರ್ಚಿಲ್ಲ. ಆದರೆ ಕೊಳ್ಳುವವರು ದೂರದಲ್ಲಿದ್ದರೆ ಟ್ರಾಕ್ಟರ್ ಬಾಡಿಗೆ, ಹಮಾಲಿ, ತೂಕ, ದಲಾಲಿ ಎಲ್ಲಾ ಸೇರುತ್ತದೆ. ಕೊಳ್ಳುವವರು ಕ್ವಿಂಟಲ್ ತೊಗರಿಗೆ 1.7 ಕ್ವಿಂಟಲ್ ಜೋಳದಷ್ಟು ಕೊಟ್ಟರೂ ಬೆಳೆದವರ ಕೈಗೆ 1.3 ಬರಬಹುದು. ಇನ್ನೂ ಇಬ್ಬರಿಗೂ ಲಾಭ ಇದೆ. ನಡುವಿನ ಖರ್ಚು ಒಂದು ಕ್ವಿಂಟಲ್ ಜೋಳ ದಾಟಿತೋ, ಆಗ ಒಂದು ಮತ್ತು ಎರಡರ ನಡುವಿನ ಜಾಗವೆಲ್ಲಾ ಮುಗಿಯಿತು. ಇಬ್ಬರೂ ಮತ್ತೆ ಅರ್ಧರ್ಧ ಬಿತ್ತಿಕೊಳ್ಳುವುದೇ ಸರಿ. ಹಳ್ಳಿಗೆ ಒಳ್ಳೆಯ ರಸ್ತೆ ಬಂದ ಮೇಲೆ ಬೆಳೆಗಳು ಬದಲಾಗುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಯವರೆಗಿನ ಲೆಕ್ಕದಲ್ಲಿ ನಿಮಗೆ ಒಂದು ಅನುಮಾನ ಬಂದಿರಬೇಕು. ಹತ್ತೂ ಎಕರೆ ತೊಗರಿ, ವರ್ಷ ವರ್ಷವೂ ತೊಗರಿ, ಯಾವ ರೈತ ಹಾಗೆ ಮಾಡುತ್ತಾನೆ? ಅನುಮಾನ ಸರಿಯಾದದ್ದು, ಮತ್ತು ಇದು ಸಿದ್ಧಾಂತಕ್ಕೆ ಹೊರಗಿನ ಮಾತಲ್ಲ. ತೊಗರಿಯ ಮೇಲೆ ತೊಗರಿ ಹಾಕುತ್ತಾ ಹೋದರೆ ನೆಟೆ ರೋಗ ಬರುತ್ತದೆ. ಅದನ್ನು ತರುವ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ತೊಗರಿ ಸಿಕ್ಕಾಗಲೆಲ್ಲಾ ಹೆಚ್ಚುತ್ತದೆ. ಗುರುತು ನಿಮಗೆ ಗೊತ್ತೇ ಇದೆ: ನೆಲದಲ್ಲಿ ಹಸಿ ಇರುವಾಗಲೇ ಹೂವು-ಕಾಯಿಯ ಹೊತ್ತಿಗೆ ಅಲ್ಲಲ್ಲಿ ಗುಂಪು ಗುಂಪಾಗಿ ಗಿಡ ಬಾಡುತ್ತವೆ. ಬುಡದಿಂದ ಕಾಂಡದ ಮೇಲೆ ನೇರಳೆ ಬಣ್ಣದ ಪಟ್ಟಿ ಏರುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಕಂದು-ಕಪ್ಪು ಗೆರೆಗಳು ಕಾಣುತ್ತವೆ. ನೀರಿಲ್ಲದೆ ಒಣಗಿದ ಗಿಡದಲ್ಲಿ ಆ ಗೆರೆಗಳು ಇರುವುದಿಲ್ಲ.

ಈಗ ರೋಗವನ್ನು ಲೆಕ್ಕಕ್ಕೆ ತನ್ನಿ. ನೆಟೆ ಬಿದ್ದು ಭೀಮಬಾಯಿಯವರ ತೊಗರಿ ಎಕರೆಗೆ 3ರಿಂದ ಒಂದೂವರೆ ಕ್ವಿಂಟಲ್‌ಗೆ ಇಳಿಯಿತು. ಜೋಳಕ್ಕೆ ಈ ರೋಗ ಇಲ್ಲ, ಅದು 3 ಕ್ವಿಂಟಲ್‌ನಲ್ಲೇ ಇದೆ. ಅವರಿಗೂ ಈಗ ಒಂದು ಕ್ವಿಂಟಲ್ ತೊಗರಿಗೆ ಎರಡು ಕ್ವಿಂಟಲ್ ಜೋಳ. ಶರಣಪ್ಪನವರಷ್ಟೇ. ಅನುಕೂಲ ಪೂರ್ತಿ ಕರಗಿತು. ಒಂದೂವರೆಗಿಂತಲೂ ಕೆಳಗಿಳಿದರೆ ಪಾತ್ರಗಳೇ ಅದಲು ಬದಲಾಗುತ್ತವೆ, ಭೀಮಬಾಯಿಯವರು ಜೋಳದ ಕಡೆಗೆ ಹೋಗಬೇಕಾಗುತ್ತದೆ. ಮಣ್ಣು ಕೊಟ್ಟ ಅನುಕೂಲವನ್ನು ಅದೇ ಮಣ್ಣಿನ ರೋಗ ಕಿತ್ತುಕೊಳ್ಳಬಹುದು. ಹಾಗಾಗಿ ಮಡ್ಡಿಯ ಒಂದು ಭಾಗಕ್ಕೆ ಪ್ರತಿ ವರ್ಷ ಜೋಳ ತಿರುಗಿಸಿ ಹಾಕುವುದು ಅನುಕೂಲ ಬಿಟ್ಟುಕೊಟ್ಟ ಹಾಗಲ್ಲ, ಅದನ್ನು ಉಳಿಸಿಕೊಂಡ ಹಾಗೆ. ಜೋಳ ಹಾಕಿ ತಿರುಗಿಸಿದ ಹೊಲದಲ್ಲಿ ನೆಟೆ ಕಡಿಮೆ ಆಗುತ್ತದೆ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ತಳಿ ನೆಟೆಯನ್ನು ತಡೆದುಕೊಳ್ಳುತ್ತದೆ. ಇಂಥ ತಳಿ ಹಾಕಿದವರಿಗೆ ತೊಗರಿಯ ಅವಕಾಶ ವೆಚ್ಚ ಏರದೆ ನಿಲ್ಲುತ್ತದೆ.

ಹೊಲದ ಎಲ್ಲಾ ಎಕರೆಯೂ ಒಂದೇ ತರಹ ಇರುವುದಿಲ್ಲ ಅನ್ನುವುದನ್ನೂ ಸೇರಿಸಬೇಕು. ಮಡ್ಡಿ ಹೊಲದಲ್ಲೂ ಕೆಳಬದುವಿನ ಹತ್ತಿರ ಮಣ್ಣು ಬಂದು ಕೂತಿರುತ್ತದೆ. ಆ ಒಂದು ಎಕರೆಯಲ್ಲಿ ಜೋಳ ಆರು ಕ್ವಿಂಟಲ್ ಬರಬಹುದು. ಆ ತುಂಡಿನ ಮಟ್ಟಿಗೆ ಭೀಮಬಾಯಿಯವರೂ ಶರಣಪ್ಪನವರಂತೆಯೇ. ಲೆಕ್ಕವನ್ನು ಹೊಲಕ್ಕೊಂದು ಅಂತ ಮಾಡದೆ ತುಂಡಿಗೊಂದು ಅಂತ ಮಾಡಬೇಕು.

ಈಗ ಊರಿನಿಂದ ಹೊರಗೆ ಬರೋಣ. ನೀವಿಬ್ಬರೇ ಕೊಡು-ಕೊಳ್ಳು ಮಾಡುತ್ತಾ ಕೂತಿಲ್ಲ, ಮಾರುಕಟ್ಟೆ ಇದೆ. ಮಾರುಕಟ್ಟೆ ಬಂದ ಮೇಲೆ ಶರಣಪ್ಪನವರ ಎರಡನ್ನು ಭೀಮಬಾಯಿಯವರ ಒಂದರ ಜೊತೆ ಹೋಲಿಸಿದರೆ ಸಾಲದು. ಇಬ್ಬರೂ ತಮ್ಮ ತಮ್ಮ ಅಂಕಿಯನ್ನು ಪೇಟೆಯ ದರದ ಜೊತೆ ಹೋಲಿಸಬೇಕು. 2025-26ಕ್ಕೆ ಸರ್ಕಾರದ ಬೆಂಬಲ ಬೆಲೆ ತೊಗರಿಗೆ ಕ್ವಿಂಟಲ್‌ಗೆ 8,000 ರೂಪಾಯಿ, ಮಾಲ್ದಂಡಿ ಜೋಳಕ್ಕೆ 3,749 ರೂಪಾಯಿ. ಪೇಟೆಯಲ್ಲಿ ನಿಮಗೆ ಸಿಗುವ ದರ ಇದಕ್ಕಿಂತ ಮೇಲೆ ಕೆಳಗೆ ಇರುತ್ತದೆ, ಲೆಕ್ಕಕ್ಕೆ ಇದನ್ನೇ ಹಿಡಿಯೋಣ. ಈ ಬೆಲೆಯಲ್ಲಿ ಒಂದು ಕ್ವಿಂಟಲ್ ತೊಗರಿ ಅಂದರೆ ಸುಮಾರು 2.13 ಕ್ವಿಂಟಲ್ ಜೋಳ. ಇದು ಇಬ್ಬರ ಅಂಕಿಗಿಂತಲೂ ಮೇಲಿದೆ. ಅಂದರೆ ಶರಣಪ್ಪನವರಿಗೂ ತೊಗರಿ ಹಾಕಿ, ಮಾರಿ, ಜೋಳ ಕೊಳ್ಳುವುದೇ ಲಾಭ ಅಂತ ಕಾಣುತ್ತದೆ. ಇಬ್ಬರಲ್ಲಿ ಮಾತ್ರ ಹೋಲಿಸಿದಾಗ ಜೋಳದವರಾಗಿದ್ದವರು ಹೊರಗಿನ ದರ ಬಂದ ಕೂಡಲೇ ತೊಗರಿಯವರಾಗಬಹುದು. ಎರೆ ಭೂಮಿ ಇದ್ದವರೂ ನಮ್ಮ ಜಿಲ್ಲೆಯಲ್ಲಿ ಇಷ್ಟೊಂದು ತೊಗರಿ ಹಾಕುವುದು ಯಾಕೆ ಅಂತ ಈ ದಾರಿಯಲ್ಲಿ ಯೋಚಿಸಿದರೆ ಅರ್ಥ ಆಗುತ್ತದೆ.

ಆದರೆ ಎಷ್ಟು ಲಾಭ ಅಂತ ನೋಡಿ. ಶರಣಪ್ಪನವರಿಗೆ ಎಕರೆಗೆ ತೊಗರಿಯಿಂದ 32,000 ರೂಪಾಯಿ, ಜೋಳದಿಂದ 29,992. ವ್ಯತ್ಯಾಸ ಎರಡು ಸಾವಿರದ ಎಂಟು ರೂಪಾಯಿ ಮಾತ್ರ. ಇಲ್ಲಿ ನಾವು ಜೋಳದ ಕಾಳನ್ನಷ್ಟೇ ಎಣಿಸಿದ್ದೇವೆ, ಕಣಕಿ ಬಿಟ್ಟುಬಿಟ್ಟಿದ್ದೇವೆ. ಎಂಟು ಕ್ವಿಂಟಲ್ ಜೋಳ ಬಂದ ಎಕರೆಯ ಕಣಕಿಗೆ ಖರ್ಚು ಕಳೆದು ಎರಡು ಸಾವಿರಕ್ಕಿಂತ ಜಾಸ್ತಿ ಸಿಕ್ಕರೆ, ಇಲ್ಲವೇ ಮನೆಯಲ್ಲಿ ದನ ಇದ್ದು ಅಷ್ಟು ಮೇವು ಕೊಳ್ಳುವುದು ತಪ್ಪಿದರೆ, ಜೋಳವೇ ಮುಂದೆ ಬರುತ್ತದೆ. ಇನ್ನೊಂದು ವಿಷಯ. ಹಿಂಗಾರಿ ಜೋಳ ಹಾಕುವ ಹೊಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿ ಇರುತ್ತದೆ. ಮಳೆ ಬೇಗ ಬಂದರೆ ಎರೆಯಲ್ಲಿ ಅಷ್ಟರೊಳಗೆ ಒಂದು ಹೆಸರು ಬೆಳೆ ತೆಗೆಯಬಹುದು, ಅದು ಅರವತ್ತು ಎಪ್ಪತ್ತು ದಿನದ ಬೆಳೆ. ಹಾಗೆ ತೆಗೆಯುವವರಿಗೆ ತೊಗರಿಗಾಗಿ ಬಿಟ್ಟುಕೊಡುವುದು ಜೋಳ ಮಾತ್ರ ಅಲ್ಲ, ಜೋಳ, ಕಣಕಿ, ಹೆಸರು ಮೂರೂ. ಈ ಲೆಕ್ಕದಲ್ಲಿ ಜನ ತಪ್ಪುವುದು ಹೆಚ್ಚಾಗಿ ಇಲ್ಲೇ. ತೊಗರಿಯ ದರ ನೋಡುತ್ತಾರೆ, ಅದೇ ಎಕರೆ ಕೊಡಬಹುದಾಗಿದ್ದ ಎಲ್ಲವನ್ನೂ ಕೂಡಿಸುವುದಿಲ್ಲ. ಹೆಸರು ತೆಗೆದರೆ ಮಣ್ಣಿನ ಹಸಿ ಸ್ವಲ್ಪ ಕಡಿಮೆ ಆಗಿ ಜೋಳದ ಇಳುವರಿ ಇಳಿಯಬಹುದು, ಅದನ್ನೂ ಕಳೆಯಬೇಕು.

ಭೀಮಬಾಯಿಯವರಿಗೆ ಈ ತಲೆನೋವು ಇಲ್ಲ. ಎಕರೆಗೆ ತೊಗರಿಯಿಂದ 24,000, ಜೋಳದಿಂದ 11,247. ಮಡ್ಡಿಯಲ್ಲಿ ಕಣಕಿಯೂ ಗಿಡ್ಡ, ಹೆಸರೂ ಅನುಮಾನ. ಅವರು ತೊಗರಿಯ ಜಾಗದಲ್ಲೇ ಇರಬೇಕು, ನೆಟೆಗಾಗಿ ತಿರುಗಿಸುವಷ್ಟು ಮಾತ್ರ ಜೋಳ.

ಅಂಥವರಿಗೆ ಒಂದು ಅಪಾಯ ಇದೆ, ಅದನ್ನು ಹೇಳದೆ ಈ ಉತ್ತರ ಮುಗಿಸಲಾರೆ. ತೊಗರಿಯನ್ನು ನಮ್ಮ ದೇಶ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿ ದೇಶಗಳಿಂದಲೂ ತರಿಸಿಕೊಳ್ಳುತ್ತದೆ. ಅಲ್ಲಿನ ಸಣ್ಣ ರೈತರೂ ಭೀಮಬಾಯಿಯವರ ಜಾಗದಲ್ಲೇ ಇದ್ದಾರೆ, ಕೊಳ್ಳುವವರು ಮಾತ್ರ ಸಮುದ್ರದ ಈಚೆ ಇದ್ದಾರೆ. 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ಬೇಳೆಕಾಳು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಇಲ್ಲಿ ತೊಗರಿ ಬಂಪರ್ ಬಂದು ದರ ಬಿತ್ತು. 2017ರ ಆಗಸ್ಟ್‌ನಲ್ಲಿ ಆಮದಿಗೆ ಮಿತಿ ಹಾಕಿದರು. ನಮ್ಮ ಪೇಟೆಗೆ ಅಂತಲೇ ಬೆಳೆದಿದ್ದ ಮೊಜಾಂಬಿಕ್ ರೈತರಿಗೆ ದರ ಕುಸಿಯಿತು, ಯಾಕೆಂದರೆ ಅಷ್ಟು ತೊಗರಿ ತಿನ್ನುವ ಇನ್ನೊಂದು ದೊಡ್ಡ ಪೇಟೆ ಅವರಿಗೆ ಇರಲಿಲ್ಲ. 2021ರ ಮೇ ತಿಂಗಳಲ್ಲಿ ಆ ಮಿತಿ ತೆಗೆದರು. ಆಮದು ಬಂದಾಗ ಊರೂರಲ್ಲಿ ಬೇಳೆ ಕೊಳ್ಳುವವರಿಗೆ ಅಗ್ಗ ಆಗುತ್ತದೆ, ದೇಶಕ್ಕೆ ಒಟ್ಟಾರೆ ಲಾಭವೂ ಇರಬಹುದು. ತುಲನಾತ್ಮಕ ಅನುಕೂಲದ ಲೆಕ್ಕ ದೇಶದ ಒಟ್ಟು ಮೊತ್ತದ ಬಗ್ಗೆ ಮಾತಾಡುತ್ತದೆ, ಆಳಂದದ ಮಡ್ಡಿ ಹೊಲದ ಬಗ್ಗೆ ಅಲ್ಲ.

ಆಮದಿನಿಂದ ಅಥವಾ ಇನ್ಯಾವುದರಿಂದಲೋ ತೊಗರಿ ದರ 8,000ದಿಂದ 7,000ಕ್ಕೆ ಇಳಿಯಿತು ಅನ್ನಿ, ಜೋಳದ ದರ ಹಾಗೇ ಇದೆ. ಶರಣಪ್ಪನವರಿಗೆ ತೊಗರಿಯಿಂದ ಎಕರೆಗೆ 28,000 ಆಗುತ್ತದೆ. ಅವರು ಮುಂದಿನ ವರ್ಷ ಜೋಳಕ್ಕೆ ಸರಿಯುತ್ತಾರೆ, 29,992 ಸಿಗುತ್ತದೆ. ಎಕರೆಗೆ ಕಳೆದುಕೊಂಡದ್ದು ಎರಡು ಸಾವಿರ ಚಿಲ್ಲರೆ. ಭೀಮಬಾಯಿಯವರಿಗೆ 21,000 ಆಗುತ್ತದೆ, ಎಕರೆಗೆ ಮೂರು ಸಾವಿರ ಹೋಯಿತು, ಹತ್ತು ಎಕರೆಗೆ ಮೂವತ್ತು ಸಾವಿರ. ಆದರೂ ಅವರು ತೊಗರಿಯಲ್ಲೇ ಇರಬೇಕು, ಯಾಕೆಂದರೆ ಜೋಳಕ್ಕೆ ಹೋದರೆ 11,247. ತೊಗರಿ ದರ ಕ್ವಿಂಟಲ್‌ಗೆ 3,749ಕ್ಕಿಂತ ಕೆಳಗೆ ಬೀಳುವವರೆಗೂ ಅವರಿಗೆ ಜೋಳಕ್ಕೆ ಸರಿಯುವುದರಲ್ಲಿ ಅರ್ಥವಿಲ್ಲ. ಒಂದು ಬೆಳೆಯಲ್ಲಿ ಯಾರ ಅನುಕೂಲ ಹೆಚ್ಚು ಗಟ್ಟಿಯೋ, ಆ ಬೆಳೆಯ ದರ ಬಿದ್ದಾಗ ಪಕ್ಕಕ್ಕೆ ಸರಿಯುವ ದಾರಿ ಅವರಿಗೇ ಕಡಿಮೆ. ಬೆಂಬಲ ಬೆಲೆಯಲ್ಲಿ ಖರೀದಿ ಕೇಂದ್ರ ಸಮಯಕ್ಕೆ ತೆರೆಯುವುದು ಎರೆ ಹೊಲದವರಿಗಿಂತ ಮಡ್ಡಿಯವರಿಗೆ ಹೆಚ್ಚು ಬೇಕಾಗುವುದು ಇದಕ್ಕೇ. ನಿಮ್ಮ ಹೊಲದಲ್ಲಿ ಹಿಂದಿನ ಮೂರು ವರ್ಷದ ಎಕರೆವಾರು ತೊಗರಿ, ಜೋಳ, ಕಣಕಿ ಬರೆದು ಕಳಿಸಿದರೆ, ಯಾವ ದರಕ್ಕೆ ನೀವು ತೊಗರಿಯಿಂದ ಸರಿಯಬೇಕಾಗುತ್ತದೆ ಅಂತ ನಿಮ್ಮದೇ ಅಂಕಿಯಲ್ಲಿ ಲೆಕ್ಕ ಹಾಕಿ ಕೊಡುತ್ತೇನೆ.